ಮಳೆ ಕಡಿಮೆ, ನೀರು ಜಾಸ್ತಿ: ಕಾರಟಗಿ ಕಡೆಯ ಒಂದು ರಸ್ತೆಗೆ ದಪ್ಪ ನಿಗದಿ ಮಾಡಿದ್ದು

ರಸ್ತೆಯ ಪೇವ್‌ಮೆಂಟ್ ವಿನ್ಯಾಸ ವರದಿ ನೋಡಲು ದಪ್ಪಗಿರುತ್ತದೆ. ನಕ್ಷೆ, ಕೋಷ್ಟಕ, ಪ್ರಯೋಗಾಲಯದ ಹಾಳೆಗಳು, ಫೋಟೋಗಳು. ಆದರೆ ಗುತ್ತಿಗೆದಾರನ ಕೈಗೆ ಕೊನೆಗೆ ಹೋಗುವುದು ಒಂದೇ ಪುಟ: ಯಾವ ಪದರ, ಎಷ್ಟು ಮಿಲಿಮೀಟರ್. ಆ ಪುಟವನ್ನು ನಿರ್ಧರಿಸುವ ಸಂಖ್ಯೆಗಳು ಮುಖ್ಯವಾಗಿ ಎರಡು. ಮುಂದಿನ ಹದಿನೈದು ವರ್ಷ ಆ ರಸ್ತೆಯ ಮೇಲೆ ಬೀಳುವ ಹೊರೆ ಒಂದು, ಅಡಿಯಲ್ಲಿರುವ ಮಣ್ಣಿನ ಬಲ ಇನ್ನೊಂದು. ಕೊಪ್ಪಳ ಜಿಲ್ಲೆಯ ಕಾರಟಗಿ ಕಡೆಯ ಒಂದು ಜಿಲ್ಲಾ ಮುಖ್ಯ ರಸ್ತೆಯ ವರದಿಯನ್ನು ನಾನು ಮಾಡಿದಾಗ ಈ ಎರಡೂ ಸಂಖ್ಯೆಗಳು ಮೊದಲ ಕರಡಿನಲ್ಲಿದ್ದುದಕ್ಕಿಂತ ಬೇರೆಯಾಗಿ ಬಂದವು. ಎರಡಕ್ಕೂ ಕಾರಣ ಭತ್ತ.

ರಸ್ತೆ ದೊಡ್ಡದೇನಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ಗದ್ದೆಗಳ ನಡುವೆ ಹಾದುಹೋಗುವ, 3.75 ಮೀಟರ್ ಅಗಲದ ಹಳೆಯ ಡಾಂಬರು ರಸ್ತೆ. ಅದನ್ನು 5.5 ಮೀಟರಿಗೆ ಅಗಲ ಮಾಡಿ ಬಲಪಡಿಸಬೇಕಿತ್ತು. ಬೇರೊಬ್ಬರು ಮಾಡಿದ್ದ ಕರಡು ವರದಿ ಇಲಾಖೆಯಲ್ಲಿತ್ತು. ಅದನ್ನು ಪರಿಶೀಲಿಸಿ ಅಂತಿಮ ವರದಿ ಕೊಡುವ ಕೆಲಸ ನಮ್ಮ ಕಚೇರಿಗೆ ಬಂತು, ಲೆಕ್ಕ ನನ್ನ ಪಾಲಿಗೆ ಬಿತ್ತು. ಕರಡಿನಲ್ಲಿ ಹೊರೆ 6.1 ಮಿಲಿಯನ್ ಸ್ಟ್ಯಾಂಡರ್ಡ್ ಆಕ್ಸಲ್, ಅಂದರೆ 6.1 ಎಂಎಸ್‌ಎ: ನಿಗದಿತ ತೂಕದ ಆಕ್ಸಲ್ ಒಂದು 61 ಲಕ್ಷ ಸಲ ಹಾದುಹೋದಷ್ಟು. ಮಣ್ಣಿನ ಬಲದ ಅಳತೆಯಾದ ಸಿಬಿಆರ್ ಶೇ 6. ಮೇಲೆ 80 ಮಿ.ಮೀ. ಡಾಂಬರು ಪದರ, ಅದರಡಿ 250 ಮಿ.ಮೀ. ವೆಟ್ ಮಿಕ್ಸ್ ಜೆಲ್ಲಿ, ಅದರಡಿ 150 ಮಿ.ಮೀ. ಜಿಎಸ್‌ಬಿ ಎನ್ನುವ ಹರಳಿನ ತಳಪದರ. ಕಾಗದದ ಮೇಲೆ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡಿತ್ತು.

ಶೇ 6 ಎಲ್ಲಿಂದ ಬಂತು ಎಂದು ಹುಡುಕಿದೆ. ಮಾದರಿಗಳನ್ನು ಬೇಸಿಗೆಯಲ್ಲಿ ತೆಗೆದು, ನೀರಿನಲ್ಲಿ ನೆನೆಸದೆ, ನೆಲದಲ್ಲಿದ್ದ ತೇವಾಂಶದಲ್ಲೇ ಪರೀಕ್ಷೆ ಮಾಡಿದ್ದರು. ಅದಕ್ಕೆ ಸಮರ್ಥನೆಯನ್ನೂ ಬರೆದಿದ್ದರು: ಈ ಜಿಲ್ಲೆಯಲ್ಲಿ ವಾರ್ಷಿಕ ಮಳೆ 1000 ಮಿ.ಮೀ.ಗಿಂತ ಬಹಳ ಕಡಿಮೆ, ಆದ್ದರಿಂದ ನಾಲ್ಕು ದಿನ ನೆನೆಸುವುದು ಅನಗತ್ಯ ಕಠೋರತೆ. ಈ ಮಾತಿಗೆ ಆಧಾರ ಇಲ್ಲದಿಲ್ಲ. ಮಳೆ 1000 ಮಿ.ಮೀ.ಗಿಂತ ಕಡಿಮೆ ಇದ್ದು, ಅಂತರ್ಜಲ ಆಳದಲ್ಲಿದ್ದು, ಮೇಲೆ ನೀರು ಇಳಿಯದ ದಪ್ಪ ಡಾಂಬರು ಇದ್ದರೆ ನಾಲ್ಕು ದಿನದ ನೆನೆಸುವಿಕೆ ಅತಿಯಾಗಬಹುದು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯ ಹಿಂದಿನ ಆವೃತ್ತಿಗಳೇ ಹೇಳಿದ್ದವು. ಕೊಪ್ಪಳದಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು. ಮಳೆಯ ಷರತ್ತು ಪೂರೈಸುತ್ತದೆ. ಅದರ ಪಕ್ಕದಲ್ಲೇ ಬರೆದಿರುವ ಅಂತರ್ಜಲದ ಷರತ್ತನ್ನು ಯಾರೂ ನೋಡಿರಲಿಲ್ಲ.

ನಾನು ಜಾಗಕ್ಕೆ ಹೋದದ್ದು ನಾಟಿ ಮುಗಿದ ಮೇಲೆ. ರಸ್ತೆಯ ಎರಡೂ ಬದಿ ಗದ್ದೆಗಳಲ್ಲಿ ನೀರು ನಿಂತಿತ್ತು, ಕೆಲವು ಕಡೆ ನೀರಿನ ಮಟ್ಟಕ್ಕೂ ಡಾಂಬರಿನ ಅಂಚಿಗೂ ಒಂದು ಮೊಳದ ಅಂತರ. ಬದುವಿನ ಮೇಲೆ ನಿಂತಿದ್ದ ರೈತರೊಬ್ಬರನ್ನು ನೀರು ಎಷ್ಟು ತಿಂಗಳು ಹೀಗೇ ಇರುತ್ತದೆ ಎಂದು ಕೇಳಿದೆ. ಅವರು ಹತ್ತಿರದ ಕಿಲೋಮೀಟರ್ ಕಲ್ಲನ್ನು ತೋರಿಸಿದರು. ಕಲ್ಲಿನ ಬುಡದಿಂದ ಗೇಣುದ್ದ ಮೇಲೆ ಸವುಳಿನ ಬಿಳಿ ಗೆರೆಯೊಂದು ಸುತ್ತಲೂ ಎಳೆದಂತೆ ಕಟ್ಟಿಕೊಂಡಿತ್ತು. "ಇದೇ ನೋಡು ತಾಯಿ, ನೀರಿನ ಗುರುತು. ಎರಡನೇ ಬೆಳೆಗೂ ನೀರು ಬಿಟ್ಟರೆ ಇದು ಒಣಗುವುದು ನಡುವೆ ಒಂದು ತಿಂಗಳು ಮಾತ್ರ" ಎಂದರು. ಮಳೆ ಮಾಪಕದ ಪ್ರಕಾರ ಇದು ಒಣ ಜಿಲ್ಲೆ. ಆದರೆ ಈ ರಸ್ತೆ ವರ್ಷದ ಹೆಚ್ಚಿನ ಕಾಲ ನೀರಿನ ನಡುವೆ ಇರುತ್ತದೆ, ಆ ನೀರು ಆಕಾಶದಿಂದ ಬಂದದ್ದಲ್ಲ, ಜಲಾಶಯದಿಂದ ಬಂದದ್ದು.

ಹಳೆಯ ರಸ್ತೆಯ ಅಂಚಿನಲ್ಲಿ ಗುಂಡಿ ತೆಗೆಸಿದೆವು. ಅಗಲೀಕರಣದ ವರದಿಗೆ ಇಂಥ ಗುಂಡಿಗಳು ಹೇಗೂ ಬೇಕು, ಹಳೆಯ ಪದರಗಳ ದಪ್ಪ ತಿಳಿಯಬೇಕಲ್ಲ. ಮೇಲೆ ಒಂದರ ಮೇಲೊಂದು ಹಾಕಿದ ಡಾಂಬರು ತೇಪೆ, ಅದರಡಿ ಜೆಲ್ಲಿ, ಅದರಡಿ ಹಿಂದಿನ ಕಾಲದ ಸೋಲಿಂಗ್ ಕಲ್ಲು. ಸೋಲಿಂಗ್ ಕಲ್ಲುಗಳು ಮಣ್ಣಿನ ಮೇಲೆ ಕೂತಿರಲಿಲ್ಲ, ಮಣ್ಣಿನೊಳಗೆ ಹೂತಿದ್ದವು. ಕಲ್ಲಿನ ಸಂದಿಗಳಲ್ಲಿ ಕಪ್ಪು ಎರೆ ಮಣ್ಣು ಮೇಲೇರಿ ಜೆಲ್ಲಿಯವರೆಗೂ ಬಂದಿತ್ತು. ಒಂದು ಕಲ್ಲನ್ನು ಕೈಯಿಂದ ಎಳೆದಾಗ ಅದು ಸುತ್ತಲೂ ಜಿಗುಟು ಮಣ್ಣು ಮೆತ್ತಿಕೊಂಡೇ ಹೊರಬಂತು. ಚಕ್ರದ ಒತ್ತಡ ಬಿದ್ದಾಗಲೆಲ್ಲ ಕಲ್ಲು ಕೆಳಗೆ ಇಳಿದು, ಒದ್ದೆ ಮಣ್ಣು ಸಂದಿಯಿಂದ ಮೇಲೆ ಚಿಮ್ಮುತ್ತದೆ. ಜೆಲ್ಲಿಯ ಹರಳುಗಳು ಒಂದಕ್ಕೊಂದು ತಾಗಿ ಹೊರೆ ಹೊರಬೇಕು. ನಡುವೆ ಜೇಡಿ ಸೇರಿಕೊಂಡರೆ ಆ ಹಿಡಿತ ಹೋಗುತ್ತದೆ. ಅಲ್ಲಿಯವರೆಗೆ ಕಟ್ಟಿದ ಪದರದ ದಪ್ಪ ಕಾಗದದಲ್ಲಿ ಎಷ್ಟೇ ಇರಲಿ, ಕೆಲಸಕ್ಕೆ ಬರುವುದು ಅರ್ಧ. ಇಂಥ ಗುಂಡಿಯನ್ನು ಕಣ್ಣಾರೆ ನೋಡಿದವರಿಗೆ ಒಣ ಸಿಬಿಆರ್ ಮೇಲೆ ವಿನ್ಯಾಸ ಮಾಡಲು ಮನಸ್ಸು ಬರುವುದಿಲ್ಲ.

ಮಾದರಿಗಳನ್ನು ಚೀಲಗಳಲ್ಲಿ ತುಂಬಿ ಪ್ರಯೋಗಾಲಯಕ್ಕೆ ಕಳಿಸಿದೆವು. ಪರೀಕ್ಷೆ ಸರಳವೇ. ಮಣ್ಣನ್ನು ಅಚ್ಚಿನಲ್ಲಿ ನಿಗದಿತ ಸಾಂದ್ರತೆಗೆ ಕುಟ್ಟಿ ಕೂರಿಸಿ, ಮೇಲೆ ತೂಕದ ಬಿಲ್ಲೆಗಳನ್ನಿಟ್ಟು ನಾಲ್ಕು ದಿನ ನೀರಿನ ತೊಟ್ಟಿಯಲ್ಲಿ ಬಿಡುತ್ತಾರೆ. ಆಮೇಲೆ ಗುಂಡನೆಯ ಉಕ್ಕಿನ ದಂಡವೊಂದನ್ನು ನಿಧಾನವಾಗಿ ಒತ್ತಿ, ಅದು 2.5 ಮಿ.ಮೀ. ಇಳಿಯಲು ಎಷ್ಟು ಬಲ ಬೇಕಾಯಿತು ಎಂದು ನೋಡುತ್ತಾರೆ. ಉತ್ತಮ ಜೆಲ್ಲಿಗೆ ಬೇಕಾಗುವ ಪ್ರಮಾಣಿತ ಬಲ 1370 ಕೆ.ಜಿ. ನಮ್ಮ ಮಣ್ಣಿಗೆ ಅದರಲ್ಲಿ ಶೇಕಡಾ ಎಷ್ಟು ಬೇಕಾಯಿತೋ ಅದೇ ಸಿಬಿಆರ್.

ತೊಟ್ಟಿಯಲ್ಲಿಟ್ಟ ಅಚ್ಚುಗಳ ಮೇಲೆ ಉಬ್ಬು ಅಳೆಯುವ ಡಯಲ್ ಗೇಜ್ ಇರುತ್ತದೆ. ಎರಡನೇ ದಿನ ನಾನು ಪ್ರಯೋಗಾಲಯಕ್ಕೆ ಹೋದಾಗ ಅಲ್ಲಿನ ಹಿರಿಯ ತಂತ್ರಜ್ಞರು "ಮೇಡಂ, ಮುಳ್ಳು ಇನ್ನೂ ನಿಂತಿಲ್ಲ" ಎಂದರು. ನಾಲ್ಕನೇ ದಿನಕ್ಕೆ ಮಾದರಿಯ ಎತ್ತರದ ಶೇ 5ರಷ್ಟು, ಅಂದರೆ 6 ಮಿ.ಮೀ.ಗೂ ಹೆಚ್ಚು, ಮಣ್ಣು ಉಬ್ಬಿತ್ತು. ಸಡಿಲ ಮಣ್ಣು ನೀರಿನಲ್ಲಿ ಎಷ್ಟು ಉಬ್ಬುತ್ತದೆ ಎಂದು ಹೇಳುವ ಮುಕ್ತ ಉಬ್ಬು ಸೂಚ್ಯಂಕ ಎಲ್ಲ ಮಾದರಿಗಳಲ್ಲೂ ಶೇ 60ರ ಮೇಲೆ ಬಂತು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ನಿರ್ದಿಷ್ಟತೆಯ ಪ್ರಕಾರ ಇದು ಶೇ 50 ದಾಟಿದರೆ ಆ ಮಣ್ಣನ್ನು ಏರಿಗೆ ತುಂಬುವಂತೆಯೇ ಇಲ್ಲ. ದಂಡ ಒತ್ತಿದಾಗ ಒಂದು ಅಚ್ಚಿನಲ್ಲಿ 2.5 ಮಿ.ಮೀ.ಗೆ ಬೇಕಾದದ್ದು 30 ಕೆ.ಜಿ. ಮಾತ್ರ. ಅಂದರೆ ಸಿಬಿಆರ್ ಶೇ 2.2. ಉಳಿದವು ಶೇ 1.8ರಿಂದ 2.6ರ ನಡುವೆ. 20 ಎಂಎಸ್‌ಎಗಿಂತ ಕಡಿಮೆ ಹೊರೆಯ ಜಿಲ್ಲಾ ರಸ್ತೆಗೆ ಸರಾಸರಿಯನ್ನು ಹಿಡಿಯುವುದಿಲ್ಲ, ನೂರರಲ್ಲಿ ಎಂಬತ್ತು ಮಾದರಿಗಳು ಮುಟ್ಟುವ ಅಥವಾ ಮೀರುವ ಮೌಲ್ಯವನ್ನು ಹಿಡಿಯಬೇಕು. ಅದು ಶೇ 2ಕ್ಕೆ ಬಂದು ನಿಂತಿತು.

ಕರಡಿನ 6 ಎಲ್ಲಿ, ಈ 2 ಎಲ್ಲಿ. ಇದರ ಪರಿಣಾಮ ತಿಳಿಯಲು ಕರಡಿನ ಪದರಗಳನ್ನೇ ಶೇ 2ರ ಮಣ್ಣಿನ ಮೇಲಿಟ್ಟು ಲೆಕ್ಕ ಮಾಡಿದೆ. ಪದರಗಳ ಅಡಿಯ ಮಣ್ಣಿನ, ಅಂದರೆ ಸಬ್‌ಗ್ರೇಡಿನ, ನೆತ್ತಿಯಲ್ಲಿ ಬರುವ ಕುಗ್ಗುವಿಕೆ ಎಷ್ಟಾಯಿತೆಂದರೆ, ಗಾಲಿ ಹಾದಿಯಲ್ಲಿ ತಗ್ಗು ಬೀಳದೆ ಆ ರಸ್ತೆ ತಾಳುವ ಹೊರೆ ಹೆಚ್ಚೂಕಡಿಮೆ ಒಂದು ವರ್ಷದ್ದು. ಹದಿನೈದು ವರ್ಷಕ್ಕೆಂದು ಬರೆದ ವಿನ್ಯಾಸ ಅದು.

ಇನ್ನು ಹೊರೆ. ಕರಡಿನ ವಾಹನ ಎಣಿಕೆ ಆಗಸ್ಟ್ ತಿಂಗಳಿನದು. ನಿಯಮದಂತೆ ಏಳು ದಿನ, ದಿನದ ಇಪ್ಪತ್ನಾಲ್ಕು ಗಂಟೆ ಎಣಿಸಿದ್ದರು, ಅದರಲ್ಲಿ ತಪ್ಪಿರಲಿಲ್ಲ. ದಿನಕ್ಕೆ ಎರಡೂ ದಿಕ್ಕಿನಲ್ಲಿ ಸೇರಿ 240 ವಾಣಿಜ್ಯ ವಾಹನಗಳು. ಆದರೆ ಆಗಸ್ಟ್ ಎಂದರೆ ಈ ಸೀಮೆಯಲ್ಲಿ ನಾಟಿಯ ಕಾಲ. ಲಾರಿಗಳು ಬರುವುದು ಕೊಯ್ಲಿಗೆ. ಅಕ್ಕಿ ಗಿರಣಿಗಳ ಅಂಗಳದಲ್ಲಿ ಭತ್ತ ರಾಶಿ ಬೀಳುವುದು ನವೆಂಬರಿನಿಂದ, ಎರಡನೇ ಬೆಳೆ ಇದ್ದರೆ ಮತ್ತೆ ಏಪ್ರಿಲ್ ಮೇ. ನಾವು ಸುಗ್ಗಿಯಲ್ಲಿ ಮತ್ತೊಮ್ಮೆ ಎಣಿಸಿದೆವು. ಅದೇ ಜಾಗ, ಅದೇ ವಿಧಾನ: ದಿನಕ್ಕೆ 610.

610ನ್ನೇ ವರ್ಷಪೂರ್ತಿಗೆ ಹಿಡಿದರೆ ಅದೂ ಅನ್ಯಾಯ. ಎಪಿಎಂಸಿಯ ತಿಂಗಳವಾರು ಆವಕ ನೋಡಿ, ಎರಡು ಬೆಳೆಯ ವರ್ಷದಲ್ಲಿ ಸುಗ್ಗಿಯ ಸಾಗಾಟ ಸುಮಾರು ನಾಲ್ಕು ತಿಂಗಳು ಎಂದು ಹಿಡಿದೆವು. ನಾಲ್ಕು ತಿಂಗಳು 610, ಎಂಟು ತಿಂಗಳು 240. ವರ್ಷದ ಸರಾಸರಿ 363 ಬಂತು, 360 ಎಂದು ತೆಗೆದುಕೊಂಡೆವು. ಎರಡನೇ ಬೆಳೆಗೆ ಕಾಲುವೆಗೆ ನೀರು ಬಿಡದ ವರ್ಷ ಇದು ಇಳಿಯುತ್ತದೆ. ಆದರೆ ಅಂಥ ವರ್ಷವನ್ನೇ ಆಧಾರ ಮಾಡಿಕೊಂಡು ವಿನ್ಯಾಸ ಮಾಡಿದರೆ ನೀರು ಬಂದ ವರ್ಷ ರಸ್ತೆ ಹೋಗುತ್ತದೆ. ಹಾಗಾಗಿ ಎಣಿಕೆ ಮಾಡಿದ ವರ್ಷ ಎಷ್ಟು ಬೆಳೆ ಇತ್ತು ಎಂಬುದನ್ನು ವರದಿಯಲ್ಲೇ ಬರೆದಿಟ್ಟೆ. ಮುಂದೆ ಯಾರಾದರೂ ಇದೇ ಅಂಕಿಯನ್ನು ಬಳಸುವಾಗ ಅದು ಬೇಕಾಗುತ್ತದೆ.

ವಾಹನಗಳ ಸಂಖ್ಯೆಗಿಂತ ಅವುಗಳ ತೂಕ ಮುಖ್ಯ. ಆಕ್ಸಲ್ ತೂಕದ ಸಮೀಕ್ಷೆಗೆ ರಸ್ತೆ ಬದಿ ತೂಕದ ಪ್ಯಾಡ್ ಇಟ್ಟು, ಪೊಲೀಸರ ನೆರವಿನಿಂದ ಲಾರಿಗಳನ್ನು ನಿಲ್ಲಿಸಬೇಕು. ಇಲ್ಲಿ ಎಚ್ಚರ ಬೇಕಾದದ್ದು ಒಂದು ವಿಷಯಕ್ಕೆ: ತೂಕ ಹಾಕುತ್ತಿದ್ದಾರೆ ಎಂಬ ಸುದ್ದಿ ಗಿರಣಿಯವರೆಗೆ ಹೋಗಲು ಅರ್ಧ ಗಂಟೆ ಸಾಕು. ಆಮೇಲೆ ಭಾರದ ಲಾರಿಗಳು ಒಳದಾರಿ ಹಿಡಿಯುತ್ತವೆ ಇಲ್ಲವೇ ನಡುರಾತ್ರಿಯವರೆಗೆ ಹೊರಡುವುದೇ ಇಲ್ಲ. ಹಗಲಿನಲ್ಲಿ ತೂಗಿದ ಲಾರಿಗಳೆಲ್ಲ ನಿಯಮದೊಳಗೆ ಇದ್ದು, ಎಣಿಕೆಯ ಹಾಳೆಯಲ್ಲಿ ಮಾತ್ರ ರಾತ್ರಿ ಎರಡರಿಂದ ಐದರ ನಡುವೆ ಲಾರಿ ಹೆಚ್ಚಾಗಿ ಕಂಡರೆ ಅನುಮಾನ ಪಡಬೇಕು. ನಾವು ದಂಡ ಇಲ್ಲ ಎಂದು ಗಿರಣಿಗಳಿಗೆ ಮೊದಲೇ ಹೇಳಿ, ರಾತ್ರಿಯಿಡೀ ತೂಗಿದೆವು.

ಒಂದು ಲಾರಿಯ ಲೆಕ್ಕವನ್ನು ಇಲ್ಲಿ ಪೂರ್ತಿ ಕೊಡುತ್ತೇನೆ. ಹತ್ತು ಚಕ್ರದ್ದು, ಗಿರಣಿ ಕಡೆ ಹೊರಟಿತ್ತು. ಚಾಲಕ 75 ಕೆ.ಜಿ.ಯ ಮುನ್ನೂರು ಚೀಲ ಭತ್ತ ಎಂದ. ಮುಂದಿನ ಆಕ್ಸಲ್ 6.5 ಟನ್, ಹಿಂದಿನ ಜೋಡಿ ಆಕ್ಸಲ್ 26 ಟನ್. ಹಿಂದಿನ ಜೋಡಿಗೆ ಕಾನೂನಿನ ಮಿತಿ 21 ಟನ್. ರಸ್ತೆಗೆ ಆಗುವ ಹಾನಿ ತೂಕದ ನಾಲ್ಕನೇ ಘಾತದಂತೆ ಏರುತ್ತದೆ. 6.5 ಟನ್ ಎಂದರೆ 64 ಕಿಲೋನ್ಯೂಟನ್, 26 ಟನ್ ಎಂದರೆ 255. ಮುಂದಿನ ಒಂಟಿ ಗಾಲಿಯ ಆಕ್ಸಲ್‌ಗೆ 65 ಕಿಲೋನ್ಯೂಟನ್, ಹಿಂದಿನ ಜೋಡಿಗೆ 148 ಕಿಲೋನ್ಯೂಟನ್ ಪ್ರಮಾಣ ಎಂದು ಹಿಡಿದು ಹೀಗೆ ಬರುತ್ತದೆ:

```
(64/65)^4   = 0.9
(255/148)^4 = 8.8
ಒಟ್ಟು         = 9.7
```

ಅಂದರೆ ಆ ಒಂದು ಲಾರಿ ಒಮ್ಮೆ ಹಾದುಹೋದರೆ ಸುಮಾರು ಹತ್ತು ಪ್ರಮಾಣಿತ ಆಕ್ಸಲ್ ಹಾದುಹೋದಂತೆ. ಹಿಂದಿನ ಜೋಡಿಯಲ್ಲಿ ಮಿತಿಯ 21 ಟನ್ ಮಾತ್ರ ಇದ್ದಿದ್ದರೆ ಆ 8.8ರ ಜಾಗದಲ್ಲಿ 3.8 ಇರುತ್ತಿತ್ತು. ತೂಕ ಕಾಲು ಪಾಲಿನಷ್ಟು ಹೆಚ್ಚಿದ್ದಕ್ಕೆ ಹಾನಿ ಎರಡು ಪಟ್ಟು ದಾಟಿತು. ಅದೇ ಲಾರಿ ಖಾಲಿಯಾಗಿ ವಾಪಸು ಬರುವಾಗ ಅದರ ಹಾನಿ 0.2ಕ್ಕಿಂತ ಕಡಿಮೆ. ಸಂಖ್ಯೆಯಲ್ಲಿ ಕಣ್ಣಿಗೆ ತುಂಬುವ ಟ್ರ್ಯಾಕ್ಟರ್‌ಗಳು, ನಾಲ್ಕು ಗಾಲಿಯ ಟ್ರೇಲರಿನಲ್ಲಿ ಭತ್ತ ಹೇರಿಕೊಂಡು ಬಂದರೂ, ಈ ಲೆಕ್ಕದಲ್ಲಿ ಬಹಳ ಹಗುರ. ರಸ್ತೆ ಹಾಳಾಗುವುದು ಟ್ರ್ಯಾಕ್ಟರಿನಿಂದ ಎಂದು ಊರಿನಲ್ಲಿ ಎಲ್ಲರೂ ಹೇಳುತ್ತಾರೆ, ಅದು ಕೆಸರಿನ ಗಾಲಿಯಿಂದ ಆಗುವ ಗಲೀಜನ್ನು ನೋಡಿ ಹೇಳುವ ಮಾತು.

ಎಲ್ಲ ವಾಹನಗಳ ಸರಾಸರಿ ಹಾನಿಯ ಅಂಶ, ನಾವು ವಿಡಿಎಫ್ ಎನ್ನುವುದು, ಸುಗ್ಗಿಯಲ್ಲಿ ಗಿರಣಿಯ ದಿಕ್ಕಿಗೆ 6.8 ಬಂತು, ಎದುರು ದಿಕ್ಕಿಗೆ 0.6. ಎರಡರ ಸರಾಸರಿ 3.7. ಪರಿಶೀಲನಾ ಸಭೆಯಲ್ಲಿ ಇದೇ ಚರ್ಚೆಯಾಯಿತು. ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಅವರು, "ಸರಾಸರಿ 3.7 ಇದೆಯಲ್ಲ, ಅದನ್ನೇ ಹಿಡಿಯಿರಿ, ಮಾರ್ಗಸೂಚಿಯ ಕೋಷ್ಟಕದ 3.9ಕ್ಕೂ ಹತ್ತಿರವಿದೆ" ಎಂದರು. ನಾನು ನೂರು ವಾಹನದ ಲೆಕ್ಕ ಮಾಡಿ ತೋರಿಸಿದೆ. 5.5 ಮೀಟರ್ ಅಗಲದ ರಸ್ತೆಗೆ ಎರಡೂ ದಿಕ್ಕಿನ ವಾಹನಗಳ ಶೇ 75ನ್ನು ವಿನ್ಯಾಸಕ್ಕೆ ಹಿಡಿಯುವುದು ನಿಯಮ. ನೂರು ವಾಹನದ ಶೇ 75ಕ್ಕೆ 3.7 ಗುಣಿಸಿದರೆ 277 ಪ್ರಮಾಣಿತ ಆಕ್ಸಲ್. ಆದರೆ ಗಿರಣಿ ಕಡೆ ಹೋಗುವ ಐವತ್ತು ವಾಹನಗಳೇ 6.8ರಂತೆ 340 ತರುತ್ತವೆ. ಒಂದು ದಿಕ್ಕಿನ ನಿಜವಾದ ಹೊರೆಗಿಂತ ಕಡಿಮೆ ಅಂಕಿಗೆ ಇಡೀ ರಸ್ತೆಯನ್ನು ವಿನ್ಯಾಸ ಮಾಡಿದಂತಾಗುತ್ತದೆ. ಎರಡು ದಿಕ್ಕಿನ ತೂಕದಲ್ಲಿ ಇಷ್ಟು ವ್ಯತ್ಯಾಸ ಇದ್ದರೆ ಭಾರದ ದಿಕ್ಕಿನ ಅಂಶವನ್ನೇ ಹಿಡಿಯಬೇಕೆಂದು ಮಾರ್ಗಸೂಚಿ ಹೇಳುವುದು ಇದಕ್ಕೇ.

ಹಾಗೆ ಹಿಡಿದರೆ ನೂರು ವಾಹನಕ್ಕೆ 510 ಬರುತ್ತದೆ, ಎರಡೂ ದಿಕ್ಕಿನ ನಿಜವಾದ ಮೊತ್ತವೇ 370. ಇದು ಅತಿಯಾಯಿತಲ್ಲ ಎಂದು ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಅತಿಯೇ, ಆದರೆ ಅದಕ್ಕೆ ತೆರುವ ಬೆಲೆ ಚಿಕ್ಕದು. ಹೊರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಏರಿದರೂ ಡಾಂಬರು ಪದರದಲ್ಲಿ ಆಗುವ ವ್ಯತ್ಯಾಸ ಹತ್ತು ಮಿ.ಮೀ. ಆಸುಪಾಸು. ಒಂದು ಹೊಸ ಗಿರಣಿ ಬಂದರೆ ಆ ಹತ್ತು ಮಿ.ಮೀ. ಬೇಕಾಗುತ್ತದೆ. ಅವರು ಒಪ್ಪಿದರು.

ಸುಗ್ಗಿಯಿಲ್ಲದ ತಿಂಗಳುಗಳಿಗೆ ಅದೇ ದಿಕ್ಕಿನ ಅಂಶ 2.4. ವಾಹನ ಸಂಖ್ಯೆಯ ತೂಕ ಕೊಟ್ಟು ಎರಡನ್ನೂ ಸೇರಿಸಿದಾಗ ವರ್ಷಕ್ಕೆ 4.9. ಈಗ ಸೂತ್ರ. ವಾರ್ಷಿಕ ಬೆಳವಣಿಗೆ ಶೇ 5, ಕಾಮಗಾರಿ ಮುಗಿಯುವವರೆಗೆ ಎರಡು ವರ್ಷ, ಆಮೇಲೆ ಹದಿನೈದು ವರ್ಷ ಆಯುಷ್ಯ:

```
A = 360 x (1.05)^2 = 397
N = 365 x [(1.05^15 - 1)/0.05] x 397 x 0.75 x 4.9
N = 11.5 msa
```

ಕರಡಿನ 6.1 ಬಂದದ್ದು ಇದೇ ಸೂತ್ರದಲ್ಲಿ 360ರ ಬದಲು 240, 4.9ರ ಬದಲು ಕೋಷ್ಟಕದ 3.9 ಹಾಕಿದ್ದರಿಂದ. ಸೂತ್ರದಲ್ಲಿ ತಪ್ಪಿಲ್ಲ, ಗುಣಾಕಾರದಲ್ಲಿ ತಪ್ಪಿಲ್ಲ. ಎಣಿಸಿದ ತಿಂಗಳು ತಪ್ಪು.

ಮಣ್ಣಿನ ಸಮಸ್ಯೆಗೆ ಪರಿಹಾರ ಡಾಂಬರಿನಲ್ಲಿಲ್ಲ. ಶೇ 2ರ ಮಣ್ಣಿನ ಮೇಲೆ ಎಷ್ಟು ದಪ್ಪ ಕಟ್ಟಿದರೂ ಅದು ಉಬ್ಬಿ ಕುಗ್ಗುವುದನ್ನು ನಿಲ್ಲಿಸಲಾಗದು. ಅಂಚಿನ ಮಣ್ಣು ಬೇಸಿಗೆಯಲ್ಲಿ ಒಣಗಿ ಸಂಕುಚಿಸುತ್ತದೆ, ಮಧ್ಯದ್ದು ಡಾಂಬರಿನ ಅಡಿ ತೇವವಾಗಿಯೇ ಉಳಿಯುತ್ತದೆ. ಅದಕ್ಕೇ ಎರೆ ಸೀಮೆಯ ರಸ್ತೆಗಳಲ್ಲಿ ಅಂಚಿಗೆ ಸಮಾನಾಂತರವಾಗಿ ಉದ್ದುದ್ದ ಬಿರುಕು. ಇಂಥ ಬಿರುಕು ಕಂಡರೆ ಅದು ಲಾರಿಯ ಕೆಲಸವಲ್ಲ, ಮಣ್ಣಿನ ಕೆಲಸ. ಗಾಲಿ ಹಾದಿಯಲ್ಲಿ ಮೊಸಳೆ ಚರ್ಮದಂತೆ ಬಿರುಕು ಬಿಟ್ಟಿದ್ದರೆ ಅದು ಲಾರಿಯದು.

ನಾವು ಸೂಚಿಸಿದ್ದು ಹೀಗೆ. ಎರೆ ಮಣ್ಣಿನ ಮೇಲೆ ಮೊದಲು 500 ಮಿ.ಮೀ. ಉಬ್ಬದ ಮಣ್ಣು. ಅದರ ಮೇಲೆ 500 ಮಿ.ಮೀ. ಗರಸಿನ ಸಬ್‌ಗ್ರೇಡ್, ನೆನೆಸಿದ ಸಿಬಿಆರ್ ಶೇ 10ಕ್ಕಿಂತ ಕಡಿಮೆಯಿಲ್ಲದ್ದು, ಗರಿಷ್ಠ ಸಾಂದ್ರತೆಯ ಶೇ 97ಕ್ಕೆ ಕೂರಿಸಿದ್ದು. ಕೆಳಗಿನ ಪದರದ ಕೆಲಸ ಎರಡು: ಉಬ್ಬುವ ಮಣ್ಣನ್ನು ದೂರ ಇಡುವುದು, ರಸ್ತೆಯನ್ನು ಗದ್ದೆಯ ನೀರಿನಿಂದ ಮೇಲೆತ್ತುವುದು. ಸಬ್‌ಗ್ರೇಡಿನ ತಳ ನಿಂತ ನೀರಿನ ಮಟ್ಟಕ್ಕಿಂತ ಕನಿಷ್ಠ 0.6 ಮೀಟರ್ ಮೇಲಿರಬೇಕು, ಅದಕ್ಕೆ ನಾವು ಹಿಡಿದ ಮಟ್ಟ ಕಿಲೋಮೀಟರ್ ಕಲ್ಲುಗಳ ಮೇಲಿನ ಸವುಳಿನ ಗೆರೆ. ಸರ್ವೆಯವರು ಕಲ್ಲಿನಿಂದ ಕಲ್ಲಿಗೆ ಅದರ ಎತ್ತರ ತೆಗೆದುಕೊಂಡರು. ತಗ್ಗಿನ ಜಾಗಗಳಲ್ಲಿ ಕೆಳಗಿನ ಪದರ 500ಕ್ಕಿಂತ ಹೆಚ್ಚಾಯಿತು.

ಬಲದ ಲೆಕ್ಕಕ್ಕೆ ಆ ಕೆಳಗಿನ ಪದರವನ್ನು ನಾನು ಹಿಡಿಯಲಿಲ್ಲ. 500 ಮಿ.ಮೀ. ಗರಸು ನೇರವಾಗಿ ಶೇ 2ರ ಮಣ್ಣಿನ ಮೇಲಿದೆ ಎಂದೇ ಲೆಕ್ಕ ಮಾಡಿದೆ. ಗರಸು ಶೇ 10 ಇದ್ದ ಮಾತ್ರಕ್ಕೆ ವಿನ್ಯಾಸದ ಸಿಬಿಆರ್ 10 ಆಗುವುದಿಲ್ಲ. ಚಕ್ರದ ಒತ್ತಡ ಅರ್ಧ ಮೀಟರಿನಲ್ಲಿ ಮುಗಿಯುವುದಿಲ್ಲ, ಕೆಳಗಿನ ಮೆತ್ತನೆಯ ಮಣ್ಣೂ ಬಾಗುತ್ತದೆ. ಎರಡೂ ಪದರಗಳ ಒಟ್ಟು ಬಾಗುವಿಕೆಗೆ ಸಮನಾದ ಒಂದೇ ಮಣ್ಣು ಯಾವುದು ಎಂದು ನೋಡಿದಾಗ ಬಂದದ್ದು ಶೇ 5ಕ್ಕಿಂತ ತುಸು ಮೇಲೆ. ನಾವು 5 ಎಂದೇ ಹಿಡಿದೆವು. ಪದರದ ಪಟ್ಟಿಯಲ್ಲಿ "ಸಬ್‌ಗ್ರೇಡ್ ಸಿಬಿಆರ್ 10" ಎಂದು ನೇರವಾಗಿ ಬರೆದು ತೆಳುವಾದ ರಸ್ತೆ ತೋರಿಸುವ ವರದಿಗಳನ್ನು ನಾನು ನೋಡಿದ್ದೇನೆ. ಪರಿಶೀಲಿಸುವವರು ಮೊದಲು ಕೇಳಬೇಕಾದದ್ದು, ಗರಸಿನ ಕೆಳಗೆ ಏನಿದೆ ಎಂದು.

IITPAVE ತಂತ್ರಾಂಶದಲ್ಲಿ ಪದರಗಳನ್ನು ಕೊಟ್ಟು ಎರಡು ಕಡೆ ನೋಡಬೇಕು: ಡಾಂಬರಿನ ತಳದಲ್ಲಿ ಬರುವ ಎಳೆತ, ಸಬ್‌ಗ್ರೇಡಿನ ನೆತ್ತಿಯಲ್ಲಿ ಬರುವ ಕುಗ್ಗುವಿಕೆ. 11.5 ಎಂಎಸ್‌ಎಗೆ ಸಬ್‌ಗ್ರೇಡಿನಲ್ಲಿ ಒಪ್ಪಬಹುದಾದ ಕುಗ್ಗುವಿಕೆ ಹತ್ತು ಲಕ್ಷಕ್ಕೆ 650ರಷ್ಟು, ನಮಗೆ ಬಂದದ್ದು 500ರ ಒಳಗೆ. ಅಲ್ಲಿ ನಿರಾಳ. ದಪ್ಪವನ್ನು ನಿರ್ಧರಿಸಿದ್ದು ಡಾಂಬರಿನ ತಳದ ಎಳೆತ. ಅಂತಿಮವಾಗಿ ಮೇಲೆ 40 ಮಿ.ಮೀ. ಬಿಟುಮಿನಸ್ ಕಾಂಕ್ರೀಟ್, ಅದರಡಿ 75 ಮಿ.ಮೀ. ಡಿಬಿಎಂ ಎನ್ನುವ ದಪ್ಪ ಜೆಲ್ಲಿಯ ಡಾಂಬರು ಪದರ, 250 ಮಿ.ಮೀ. ವೆಟ್ ಮಿಕ್ಸ್, 250 ಮಿ.ಮೀ. ಜಿಎಸ್‌ಬಿ. ಒಟ್ಟು 615. ಡಾಂಬರಿನ ದರ್ಜೆ ವಿಜಿ 30.

ಕರಡಿಗೆ ಹೋಲಿಸಿದರೆ ಡಾಂಬರು ಏರಿದ್ದು 35 ಮಿ.ಮೀ. ಅಂದಾಜು ಪಟ್ಟಿಯಲ್ಲಿ ಎಲ್ಲರೂ ಹೌಹಾರಿದ್ದು ಅದಕ್ಕಲ್ಲ, ಗರಸಿಗೆ. ಕಿಲೋಮೀಟರಿಗೆ ಹತ್ತು ಸಾವಿರ ಘನ ಮೀಟರಿಗೂ ಹೆಚ್ಚು ಮಣ್ಣು ಬೇಕು, ಅಚ್ಚುಕಟ್ಟಿನಲ್ಲಿ ಎಲ್ಲಿ ಅಗೆದರೂ ಎರೆಯೇ. ಕನಕಗಿರಿ ಕಡೆಯ ಕೆಂಪು ನೆಲದಿಂದ ತರಬೇಕು. ಸ್ಥಳದ ಮಣ್ಣಿಗೇ ಸುಣ್ಣ ಬೆರೆಸಿ ಬಳಸಬಾರದೇಕೆ ಎಂಬ ಪ್ರಶ್ನೆ ಬಂತು. ಸುಣ್ಣ ಎರೆಯ ಉಬ್ಬನ್ನು ನಿಜವಾಗಿಯೂ ತಗ್ಗಿಸುತ್ತದೆ. ಆದರೆ ಒದ್ದೆ ಎರೆಯ ಹೆಂಟೆಯನ್ನು ಪುಡಿ ಮಾಡಿ ಒಳಗೆಲ್ಲ ಸಮನಾಗಿ ಬೆರೆಸಲು ಒಳ್ಳೆಯ ಯಂತ್ರ ಬೇಕು, ಕಾಲುವೆ ನೀರು ಬಂದ್ ಆಗಿರುವ ಕಡಿಮೆ ಅವಧಿಯಲ್ಲೇ ಕೆಲಸ ಮುಗಿಯಬೇಕು. ಟ್ರ್ಯಾಕ್ಟರಿನ ಕುಂಟೆಯಲ್ಲಿ ಬೆರೆಸಿದರೆ ಹೆಂಟೆಯ ಹೊರಮೈ ಬಿಳಿ, ಒಳಗೆ ಹಾಗೇ ಎರೆ. ಆ ಭರವಸೆ ಇಲ್ಲದೆ ನಾನು ಅದನ್ನು ಶಿಫಾರಸು ಮಾಡಲಿಲ್ಲ.

ವೆಚ್ಚ ಇಳಿಸಲು ಸಭೆಯಲ್ಲಿ ಮೊದಲು ಕತ್ತರಿ ಬಿದ್ದದ್ದು ಜಿಎಸ್‌ಬಿಯ ಅಗಲಕ್ಕೆ. ನಾನು ಅದನ್ನು ರಸ್ತೆಯ ಪೂರ್ತಿ ಅಗಲಕ್ಕೆ, ಇಳಿಜಾರಿನ ಅಂಚಿನವರೆಗೆ ಎಳೆದು ತೋರಿಸಿದ್ದೆ. 5.5 ಮೀಟರಿಗೆ ನಿಲ್ಲಿಸಿ ಬದಿಯಲ್ಲಿ ಮಣ್ಣು ತುಂಬಿದರೆ ಉಳಿತಾಯವಾಗುತ್ತದೆ ಎಂದರು. ಇದೊಂದಕ್ಕೆ ನಾನು ಜಗ್ಗಲಿಲ್ಲ. ಜಿಎಸ್‌ಬಿ ಹೊರೆ ಹೊರುವುದರ ಜೊತೆಗೆ ನೀರು ಹೊರಹಾಕುವ ಪದರ. ಡಾಂಬರಿನ ಬಿರುಕಿನಿಂದಲೋ ಅಂಚಿನಿಂದಲೋ ಒಳಗೆ ಇಳಿದ ನೀರಿಗೆ ಹೊರಹೋಗಲು ದಾರಿ ಬೇಕು. ಎರಡೂ ಬದಿ ಮಣ್ಣಿನಿಂದ ಮುಚ್ಚಿದರೆ ಆ ನೀರು ಅಲ್ಲೇ ನಿಂತು ಗರಸನ್ನು ನೆನೆಸುತ್ತದೆ. ಆಗ ಒಂದು ಮೀಟರ್ ಎತ್ತರಿಸಿ ಗದ್ದೆಯ ನೀರಿನಿಂದ ತಪ್ಪಿಸಿದ ಪ್ರಯತ್ನ ಮೇಲಿನಿಂದ ವ್ಯರ್ಥ. ಜೊತೆಗೆ ಜಿಎಸ್‌ಬಿಯಲ್ಲಿ 75 ಮೈಕ್ರಾನ್ ಜರಡಿ ದಾಟುವ ಸಣ್ಣ ಪುಡಿ ಶೇ 5 ಮೀರಬಾರದೆಂದು ಬರೆದಿದ್ದೆ. ಕ್ರಷರ್ ಪುಡಿ ಹೆಚ್ಚಾದ ಜಿಎಸ್‌ಬಿ ರೋಲರಿನಡಿ ಚೆನ್ನಾಗಿ ಕೂರುತ್ತದೆ, ನೋಡಲು ಗಟ್ಟಿ, ನೀರು ಮಾತ್ರ ಹರಿಯುವುದಿಲ್ಲ. ಕಾರ್ಯಪಾಲಕ ಎಂಜಿನಿಯರ್ ಎರಡನ್ನೂ ಹಾಗೇ ಉಳಿಸಿದರು. ಬದಲಿಗೆ ಕೊನೆಯ ಒಂದಿಷ್ಟು ದೂರದಲ್ಲಿ, ಗದ್ದೆ ಮುಗಿದು ಎತ್ತರದ ಕೆಂಪು ನೆಲ ಶುರುವಾಗುವಲ್ಲಿ, ಗುಂಡಿ ತೆಗೆಸಿ ನೆನೆಸಿದ ಸಿಬಿಆರ್ ಶೇ 8 ಬಂದದ್ದನ್ನು ಖಾತ್ರಿ ಮಾಡಿಕೊಂಡು, ಆ ಭಾಗಕ್ಕೆ ಗರಸಿನ ಕೆಳಗಿನ ಪದರವನ್ನು ಕೈಬಿಟ್ಟೆವು.

ವರದಿಯ ಕೊನೆಗೆ ಒಂದು ಷರತ್ತು ಸೇರಿಸಿದೆ. ಗರಸಿನ ಕ್ವಾರಿ ಬದಲಾದರೆ ನೆನೆಸಿದ ಸಿಬಿಆರ್ ಮತ್ತು ಮುಕ್ತ ಉಬ್ಬು ಪರೀಕ್ಷೆ ಮತ್ತೆ ಆಗಬೇಕು, ಫಲಿತಾಂಶ ಬರುವವರೆಗೆ ಆ ಮಣ್ಣು ಏರಿಗೆ ಬೀಳಕೂಡದು. ಒಂದೇ ಗುಡ್ಡದಲ್ಲಿ ಮೇಲೆ ಒಳ್ಳೆಯ ಗರಸು, ಎರಡು ಮೀಟರ್ ಕೆಳಗೆ ಜೇಡಿ ಇರುವುದು ಈ ಕಡೆ ಅಪರೂಪವಲ್ಲ. ಶೇ 10ರ ಬದಲು ಶೇ 6ರ ಗರಸು ಬಿದ್ದರೆ ವಿನ್ಯಾಸದ 5 ಉಳಿಯುವುದಿಲ್ಲ, ಮತ್ತು ಅದು ರಸ್ತೆ ಮುಗಿಯುವವರೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಷರತ್ತು ಟೆಂಡರ್ ಕಾಗದದಲ್ಲೂ ಪದಶಃ ಬಂದಿದೆ.